ಕ್ಯಾಮೆರಾಗೆ ಸ್ಟ್ಯಾಟಿಕ್ ಐಪಿ ಬೇಕಾ? ಮೊದಲು ರೂಟರಿನ ಒಂದು ಸಾಲು ಓದಿ

ಪ್ರಶ್ನೆ: ಸರ್, ಅಂಗಡಿಯಲ್ಲಿ ನಾಲ್ಕು ಕ್ಯಾಮೆರಾ, ಅವನ್ನು ರೆಕಾರ್ಡ್ ಮಾಡುವ ಒಂದು ಎನ್‌ವಿಆರ್ ಇದೆ. ಪಕ್ಕದಲ್ಲೇ ಒಂದು ಚಿಕ್ಕ ಲಿನಕ್ಸ್ ಕಂಪ್ಯೂಟರ್ ಇಟ್ಟು ಬಿಲ್ಲಿನ ಫೈಲುಗಳನ್ನು ಅದರಲ್ಲಿ ಹಾಕಿದ್ದೇನೆ. ಮನೆಯಿಂದ ಎರಡನ್ನೂ ತೆರೆಯಬೇಕು. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದೆ, ಡಿಡಿಎನ್‌ಎಸ್ ಹೆಸರೂ ಮಾಡಿಕೊಂಡೆ. ಏನೂ ತೆರೆಯುತ್ತಿಲ್ಲ. ಕ್ಯಾಮೆರಾ ಹಾಕಿದವರು "ಸ್ಟ್ಯಾಟಿಕ್ ಐಪಿ ತಗೊಳ್ಳಿ, ಎಲ್ಲ ಸರಿಯಾಗುತ್ತೆ" ಅಂತಾರೆ. ಇಂಟರ್ನೆಟ್ ಕಂಪನಿಯವರು ಅದಕ್ಕೆ ಬೇರೆ ದುಡ್ಡು ಕೇಳುತ್ತಾರೆ. ನಿಜಕ್ಕೂ ಬೇಕಾ? ರೂಟರಿನ ಪುಟದಲ್ಲಿ WAN IP 100.81.14.6 ಅಂತ ಇದೆ. 'ನನ್ನ ಐಪಿ ಯಾವುದು' ಅಂತ ವೆಬ್‌ಸೈಟಿನಲ್ಲಿ ನೋಡಿದರೆ 203.0.113.45 ಅಂತ ಬರುತ್ತೆ.

ಉತ್ತರ: ಕೊನೆಯಲ್ಲಿ ಬರೆದ ಆ ಎರಡು ನಂಬರುಗಳಿಂದ ನನ್ನ ಅರ್ಧ ಕೆಲಸ ಮುಗಿಯಿತು. ಅವೆರಡೂ ಬೇರೆ ಬೇರೆ ಇವೆ, ಅಲ್ವಾ? ತೊಂದರೆ ಇರುವುದು ಅಲ್ಲೇ. ನಿಮ್ಮ ವಿಳಾಸ ಆಗಾಗ ಬದಲಾಗುತ್ತಿದೆ ಅನ್ನುವುದು ವಿಷಯವಲ್ಲ. ಹೊರಗಿನವರಿಗೆ ಕಾಣುವಂಥ ಸ್ವಂತ ವಿಳಾಸವೇ ನಿಮಗಿಲ್ಲ.

ಇಲ್ಲಿ ಎರಡು ಪದಗಳು ಸದಾ ಕಲೆಸಿಹೋಗುತ್ತವೆ. 'ಪಬ್ಲಿಕ್' ಅಂದರೆ ಹೊರಗಿನ ಯಾರೇ ಆಗಲಿ ಇಂಟರ್ನೆಟ್ಟಿನಿಂದ ನೇರವಾಗಿ ನಿಮ್ಮ ರೂಟರಿಗೆ ಬಂದು ಮುಟ್ಟಬಹುದಾದ ವಿಳಾಸ. 'ಸ್ಟ್ಯಾಟಿಕ್' ಅಂದರೆ ಬದಲಾಗದ ವಿಳಾಸ. ಬದಲಾಗುವ ಪಬ್ಲಿಕ್ ವಿಳಾಸ ಇರಬಹುದು. ಬದಲಾಗದ, ಆದರೆ ಪಬ್ಲಿಕ್ ಅಲ್ಲದ ವಿಳಾಸವೂ ಇರಬಹುದು. ಈ ಎರಡನೆಯದನ್ನು ನಾನೇ ಒಮ್ಮೆ ದುಡ್ಡು ಕೊಟ್ಟು ತಗೊಂಡಿದ್ದೆ. ಕಂಪನಿಯವರು 10 ರಿಂದ ಶುರುವಾಗುವ ಒಂದು ವಿಳಾಸ ಕೊಟ್ಟರು. ಅದು ಅವರ ಜಾಲದೊಳಗೆ ಮಾತ್ರ ನಡೆಯುವ ವಿಳಾಸ. ಫೋನ್ ಮಾಡಿ ಕೇಳಿದರೆ "ಸರ್, ಸ್ಟ್ಯಾಟಿಕ್ ಕೇಳಿದ್ರಿ, ಇದು ಬದಲಾಗಲ್ಲ" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಕೇಳಿದ್ದೇ ತಪ್ಪಾಗಿತ್ತು.

ಈಗ ನಿಮ್ಮ 100.81.14.6 ನೋಡೋಣ. ಐಪಿವಿ4 ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಲೋಕದಲ್ಲಿರುವ ಫೋನು, ಕಂಪ್ಯೂಟರು, ಟಿವಿಗಳಿಗೆಲ್ಲ ಅವು ಸಾಲುವುದಿಲ್ಲ. ಹಾಗಾಗಿ ಕಂಪನಿಗಳು ಒಂದೇ ಪಬ್ಲಿಕ್ ವಿಳಾಸವನ್ನು ಬಹಳ ಗ್ರಾಹಕರಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಗ್ರಾಹಕರ ರೂಟರಿಗೂ ಕಂಪನಿಯ ದೊಡ್ಡ ಯಂತ್ರಕ್ಕೂ ನಡುವೆ ಬಳಸಲಿಕ್ಕೆಂದೇ 2012ರಲ್ಲಿ ಒಂದು ಸಾಲು ವಿಳಾಸಗಳನ್ನು ತೆಗೆದಿಟ್ಟರು: 100.64.0.0 ಇಂದ 100.127.255.255 ವರೆಗೆ. ನಿಮ್ಮದು ಸರಿಯಾಗಿ ಅದರ ನಡುವೆ ಬರುತ್ತದೆ. ವೆಬ್‌ಸೈಟು ತೋರಿಸಿದ 203.0.113.45 ನಿಮ್ಮದಲ್ಲ. ಅದು ಕಂಪನಿಯ ಯಂತ್ರದ್ದು, ನಿಮ್ಮ ಹಾಗೇ ಇನ್ನೂ ಹಲವರು ಅದರ ಹಿಂದೆ ಕೂತಿದ್ದಾರೆ.

ದೊಡ್ಡ ಆಫೀಸಿನ ಫೋನ್ ನೆನಪಿಸಿಕೊಳ್ಳಿ. ಒಳಗೆ ಇನ್ನೂರು ಎಕ್ಸ್‌ಟೆನ್ಷನ್, ಹೊರಗೆ ಒಂದೇ ನಂಬರು. ಒಳಗಿನವರು ಯಾರು ಬೇಕಾದರೂ ಹೊರಗೆ ಕರೆ ಮಾಡಬಹುದು, ಆ ಮಾತು ಸರಿಯಾಗಿ ಅವರಿಗೇ ವಾಪಸ್ ಬರುತ್ತದೆ. ಹೊರಗಿನಿಂದ ಆ ನಂಬರಿಗೆ ಕರೆ ಬಂದರೆ ಯಾರಿಗೆ ಕೊಡಬೇಕು ಅನ್ನುವುದು ಆಪರೇಟರಿಗೆ ಗೊತ್ತಿಲ್ಲ. ಸುಮ್ನೆ ಇಟ್ಟುಬಿಡುತ್ತಾನೆ. ನೀವು ಮಾಡಿದ ಪೋರ್ಟ್ ಫಾರ್ವರ್ಡ್ ನಿಮ್ಮ ಮೇಜಿನ ಫೋನಿನ ಮೇಲೆ ಚೀಟಿ ಅಂಟಿಸಿದ ಹಾಗೆ. ಆಪರೇಟರು ಅದನ್ನು ನೋಡುವುದೇ ಇಲ್ಲ. ಡಿಡಿಎನ್‌ಎಸ್ ಕೂಡ ಪಾಪ ತನ್ನ ಕೆಲಸ ಮಾಡಿದೆ. ನಿಮ್ಮ ಹೆಸರಿನ ಮುಂದೆ 203.0.113.45 ಅಂತ ಬರೆದಿದೆ. ಹೆಸರು ಸರಿ, ಬಾಗಿಲು ಬೇರೆಯವರದ್ದು.

ಬೇರೆ ಓದುಗರಿಗೂ ಇದೇ ಪರೀಕ್ಷೆ ಸಾಕು. ರೂಟರಿನ ಸ್ಟೇಟಸ್ ಪುಟದಲ್ಲಿ WAN IP ನೋಡಿ, ವೆಬ್‌ಸೈಟು ತೋರಿಸುವ ವಿಳಾಸದ ಜೊತೆ ಹೋಲಿಸಿ. ನೋಡುವಾಗ ವಿಪಿಎನ್ ಆನ್ ಇರಬಾರದು. ಎರಡೂ ಒಂದೇ ಆಗಿದ್ದರೆ ನಿಮಗೆ ಪಬ್ಲಿಕ್ ವಿಳಾಸ ಇದೆ. WAN IP ಮೇಲೆ ಹೇಳಿದ 100ರ ಸಾಲಿನಲ್ಲಿದ್ದರೆ ಸಿಜಿನ್ಯಾಟ್. ಅದು 192.168 ರಿಂದ ಶುರುವಾದರೆ ಸ್ವಲ್ಪ ತಡೆಯಿರಿ, ಕಂಪನಿಯನ್ನು ಆಗಲೇ ಬೈಯಬೇಡಿ. ಅವರು ಗೋಡೆಗೆ ಹಾಕಿದ ಫೈಬರ್ ಪೆಟ್ಟಿಗೆಯೇ ಒಂದು ರೂಟರ್ ಆಗಿರುತ್ತದೆ, ನೀವು ಅದರ ಹಿಂದೆ ಇನ್ನೊಂದು ರೂಟರ್ ಹಾಕಿರುತ್ತೀರಿ. ಆಗ ಆ ಫೈಬರ್ ಪೆಟ್ಟಿಗೆಯ ಪುಟದಲ್ಲಿ ಏನಿದೆ ಅಂತ ನೋಡಬೇಕು. ಕೆಲವರು ಟ್ರೇಸ್‌ರೂಟ್ ಹಾಕಿ ಎರಡನೇ ಸಾಲಿನಲ್ಲಿ 10 ಅಥವಾ 100 ಕಂಡರೆ ಸಿಜಿನ್ಯಾಟ್ ಅಂತ ತೀರ್ಮಾನಿಸುತ್ತಾರೆ. ಅದನ್ನು ನಂಬಬೇಡಿ. ಪಬ್ಲಿಕ್ ವಿಳಾಸ ಕೊಡುವ ಕಂಪನಿಗಳೂ ತಮ್ಮ ಒಳಗಿನ ಯಂತ್ರಗಳಿಗೆ ಅಂಥ ನಂಬರುಗಳನ್ನು ಇಡುತ್ತವೆ.

ಸರಿ, ಹಾಗಾದರೆ ಸ್ಟ್ಯಾಟಿಕ್ ತಗೊಂಡರೆ ಕೆಲಸ ಆಗುತ್ತದಾ? ಅದು ಪಬ್ಲಿಕ್ಕೂ ಆಗಿದ್ದರೆ ಆಗುತ್ತದೆ. ಆದರೆ ಬರೀ ಪಬ್ಲಿಕ್ ಆಗಿದ್ದು ಬದಲಾಗುವ ವಿಳಾಸ ಸಿಕ್ಕಿದ್ದರೂ ಆಗುತ್ತಿತ್ತು. ನಿಮ್ಮ ಡಿಡಿಎನ್‌ಎಸ್ ಹೆಸರು ಇರುವುದೇ ಅದಕ್ಕೆ. ರೂಟರ್ ಮತ್ತೆ ಶುರುವಾಗಿ ಹೊಸ ವಿಳಾಸ ಬಂದಾಗ, ಕೆಲವು ನಿಮಿಷಗಳಲ್ಲಿ ಹೆಸರು ಹೊಸ ಜಾಗಕ್ಕೆ ತಿರುಗುತ್ತದೆ. ಅಂಗಡಿಯ ಕ್ಯಾಮೆರಾ ನೋಡಲಿಕ್ಕೆ ಆ ನಾಲ್ಕು ನಿಮಿಷ ಯಾರಿಗೂ ಭಾರವಲ್ಲ. ಕೆಲವು ಕಂಪನಿಗಳು ಕೇಳಿದರೆ ಸಿಜಿನ್ಯಾಟ್‌ನಿಂದ ತೆಗೆದು, ಬದಲಾಗುವ ಪಬ್ಲಿಕ್ ವಿಳಾಸ ಹಾಕಿಕೊಡುತ್ತವೆ. ಇದನ್ನು ಬೋರ್ಡಿನಲ್ಲಿ ಬರೆದಿರುವುದಿಲ್ಲ, ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ.

ಆದರೆ ನಿಮ್ಮ ಕೆಲಸಕ್ಕೆ ಅದೂ ಬೇಕಾಗಿಲ್ಲ. ಎರಡು ಉಪಕರಣಗಳನ್ನೂ ಬೇರೆ ಬೇರೆಯಾಗಿ ನೋಡೋಣ.

ಮೊದಲು ಕ್ಯಾಮೆರಾ. ಈಗಿನ ಹೆಚ್ಚಿನ ಎನ್‌ವಿಆರ್‌ಗಳ ಮೇಲೆ ಒಂದು ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಅದನ್ನು ತಯಾರಕರ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಚಿತ್ರ ಬರುತ್ತದೆ, ಸಿಜಿನ್ಯಾಟ್ ಇದ್ದರೂ ಬರುತ್ತದೆ. ಯಾಕೆಂದರೆ ಇಲ್ಲಿ ಎನ್‌ವಿಆರ್ ತಾನೇ ಹೊರಗೆ ಕರೆ ಮಾಡಿ ತಯಾರಕರ ಸರ್ವರಿನ ಜೊತೆ ಲೈನ್ ತೆರೆದಿಟ್ಟುಕೊಂಡಿರುತ್ತದೆ. ನಿಮ್ಮ ಫೋನೂ ಅಲ್ಲಿಗೇ ಹೋಗುತ್ತದೆ. ಆ ಸರ್ವರ್ ಇಬ್ಬರನ್ನೂ ಪರಿಚಯಿಸಿ, ಸಾಧ್ಯವಾದರೆ ನೇರ ದಾರಿ ಮಾಡಿಕೊಡುತ್ತದೆ. ಆಗದಿದ್ದರೆ ಚಿತ್ರವನ್ನು ತನ್ನ ಮೂಲಕವೇ ಸಾಗಿಸುತ್ತದೆ. ಈ ಎರಡನೇ ದಾರಿ ನಿಧಾನ. "ಆ್ಯಪ್‌ನಲ್ಲಿ ತಡೆದು ತಡೆದು ಬರುತ್ತೆ" ಅನ್ನುವವರ ದೂರಿಗೆ ಇದೊಂದು ಕಾರಣ.

ಇನ್ನೊಂದು ಕಾರಣ ಅಪ್‌ಲೋಡ್ ವೇಗ, ಇದನ್ನು ಸ್ಟ್ಯಾಟಿಕ್ ಐಪಿ ಒಂದಿಷ್ಟೂ ಸರಿಮಾಡುವುದಿಲ್ಲ. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಮೇನ್ ಸ್ಟ್ರೀಮ್ ಅನ್ನು 4 ಎಂಬಿಪಿಎಸ್‌ಗೆ ಇಟ್ಟಿದ್ದೀರಿ ಅಂದುಕೊಳ್ಳಿ. ನಾಲ್ಕನ್ನೂ ಒಟ್ಟಿಗೆ ತೆರೆದರೆ 16 ಎಂಬಿಪಿಎಸ್ ಅಂಗಡಿಯಿಂದ ಹೊರಗೆ ಹೋಗಬೇಕು. ನಿಮ್ಮ ಅಪ್‌ಲೋಡ್ 10 ಇದ್ದರೆ, ವಿಳಾಸ ಎಂಥದ್ದೇ ಇರಲಿ, ಚಿತ್ರ ತಡೆಯುತ್ತದೆ. ಕಡಿಮೆ ಗುಣಮಟ್ಟದ ಸಬ್ ಸ್ಟ್ರೀಮ್ ಅನ್ನು 512 ಕೆಬಿಪಿಎಸ್‌ಗೆ ಇಟ್ಟು ಫೋನಿನಲ್ಲಿ ಅದನ್ನೇ ನೋಡಿ. ನಾಲ್ಕೂ ಸೇರಿ 2 ಎಂಬಿಪಿಎಸ್ ಆಸುಪಾಸು ಆಗುತ್ತದೆ. ರೆಕಾರ್ಡಿಂಗ್ ಎನ್‌ವಿಆರ್‌ನಲ್ಲಿ ಪೂರ್ತಿ ಗುಣಮಟ್ಟದಲ್ಲೇ ನಡೆಯುತ್ತಿರುತ್ತದೆ.

ತಯಾರಕರ ಸರ್ವರ್ ಮೂಲಕ ನನ್ನ ಅಂಗಡಿಯ ಚಿತ್ರ ಹೋಗುವುದು ಬೇಡ ಅನ್ನುವುದು ನ್ಯಾಯವಾದ ಮಾತು. ಅದಕ್ಕೆ ಒಳ್ಳೆಯ ದಾರಿ ಇದೆ, ಹೇಳುತ್ತೇನೆ. ಆದರೆ ಎನ್‌ವಿಆರ್‌ನ ಪೋರ್ಟನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡುವುದು ಆ ದಾರಿ ಅಲ್ಲ. ಕ್ಯಾಮೆರಾ ಹಾಕುವವರು ಸ್ಟ್ಯಾಟಿಕ್ ಐಪಿ ಅಂದಾಗ ಅವರ ಮನಸ್ಸಿನಲ್ಲಿರುವುದು ಇದೇ: 80, 554, 8000 ಪೋರ್ಟುಗಳನ್ನು ಫಾರ್ವರ್ಡ್ ಮಾಡಿ ಕೈ ತೊಳೆದುಕೊಳ್ಳುವುದು. 2016ರಲ್ಲಿ ಮಿರಾಯ್ ಅನ್ನುವ ದುಷ್ಟ ತಂತ್ರಾಂಶ ಇಂಟರ್ನೆಟ್ಟಿಗೆ ತೆರೆದಿಟ್ಟ ಡಿವಿಆರ್, ಕ್ಯಾಮೆರಾ, ರೂಟರುಗಳನ್ನು ಲಕ್ಷಗಟ್ಟಲೆ ಹಿಡಿಯಿತು. ಅದರ ಹತ್ತಿರ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಫ್ಯಾಕ್ಟರಿಯಿಂದ ಬರುವ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ.

"ನನ್ನ ಚಿಕ್ಕ ಅಂಗಡಿಯನ್ನು ಯಾರು ಹುಡುಕುತ್ತಾರೆ" ಅನ್ನಬೇಡಿ. ಯಾರೂ ನಿಮ್ಮನ್ನು ಹುಡುಕುವುದಿಲ್ಲ, ಎಲ್ಲರನ್ನೂ ತಟ್ಟಿ ನೋಡುತ್ತಾರೆ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಝಡ್‌ಮ್ಯಾಪ್ ಅನ್ನುವ ಸಾಧನ ತಂದರು. ಒಂದೇ ಕಂಪ್ಯೂಟರು, ಒಂದು ಗಿಗಾಬಿಟ್ ಸಂಪರ್ಕ ಇದ್ದರೆ ಇಡೀ ಐಪಿವಿ4 ಇಂಟರ್ನೆಟ್ಟಿನಲ್ಲಿ ಒಂದು ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಅಂತ 45 ನಿಮಿಷದೊಳಗೆ ನೋಡಿ ಮುಗಿಸುತ್ತದೆ. 8000ದ ಬದಲು 48123 ಇಟ್ಟರೆ ತಟ್ಟುವವರು ಸ್ವಲ್ಪ ಕಡಿಮೆಯಾಗುತ್ತಾರೆ, ಬಾಗಿಲು ಗಟ್ಟಿಯಾಗುವುದಿಲ್ಲ.

ಇನ್ನು ನಿಮ್ಮ ಲಿನಕ್ಸ್ ಕಂಪ್ಯೂಟರು. ನನ್ನ ಸಲಹೆ ಇಲ್ಲಿಂದ ಶುರುವಾಗುತ್ತದೆ, ಯಾಕೆಂದರೆ ಅದು ಕ್ಯಾಮೆರಾದ ಕೆಲಸವನ್ನೂ ಮಾಡಿಕೊಡುತ್ತದೆ. ಅದರಲ್ಲಿ ವೈರ್‌ಗಾರ್ಡ್ ಹಾಕಿ. ಅದು ವಿಪಿಎನ್, ಅಂದರೆ ಇಂಟರ್ನೆಟ್ಟಿನ ಮೂಲಕ ನಿಮ್ಮ ಯಂತ್ರಗಳ ನಡುವೆ ಬೀಗ ಹಾಕಿದ ಖಾಸಗಿ ದಾರಿ. ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರು, ಅಂದರೆ ವಿಪಿಎಸ್, ಅತಿ ಚಿಕ್ಕದೊಂದನ್ನು ತಗೊಳ್ಳಿ. ಅದಕ್ಕೆ ಬದಲಾಗದ ಪಬ್ಲಿಕ್ ವಿಳಾಸ ಇರುತ್ತದೆ. ಅಂಗಡಿಯ ಕಂಪ್ಯೂಟರು ತಾನೇ ಆ ವಿಪಿಎಸ್‌ಗೆ ಕರೆ ಮಾಡಿ ಲೈನ್ ಹಿಡಿದುಕೊಳ್ಳುತ್ತದೆ. ನಿಮ್ಮ ಫೋನೂ ಅಲ್ಲಿಗೇ ಬರುತ್ತದೆ. ಕರೆ ಒಳಗಿನಿಂದ ಹೊರಗೆ ಹೋಗುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಅಂಗಡಿಯ ಕಂಪ್ಯೂಟರಿನ ಫೈಲು ಇಷ್ಟೇ ಇರುತ್ತದೆ:

```
[Interface]
Address = 10.50.0.2/24
PrivateKey = <SHOP_PRIVATE_KEY>

[Peer]
PublicKey = <VPS_PUBLIC_KEY>
Endpoint = 203.0.113.90:51820
AllowedIPs = 10.50.0.0/24
PersistentKeepalive = 25
```

ಕೊನೆಯ ಸಾಲನ್ನು ಬಿಡಬೇಡಿ. ಸ್ವಲ್ಪ ಹೊತ್ತು ಮಾತಿಲ್ಲದಿದ್ದರೆ ಕಂಪನಿಯ ಸಿಜಿನ್ಯಾಟ್ ಯಂತ್ರ ಆ ಲೈನನ್ನು ಮರೆತುಬಿಡುತ್ತದೆ. 25 ಸೆಕೆಂಡಿಗೊಮ್ಮೆ ಒಂದು ಚಿಕ್ಕ ಪ್ಯಾಕೆಟ್ ಕಳಿಸಿದರೆ ಅದು ಜೀವಂತ ಇರುತ್ತದೆ. ಈ ಸಾಲಿಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ಅಂಗಡಿಯಲ್ಲಿ ಕೂತು ಪರೀಕ್ಷೆ ಮಾಡುವಾಗ ಎಲ್ಲ ಚೆನ್ನಾಗಿರುತ್ತದೆ, ರಾತ್ರಿ ಮನೆಗೆ ಹೋದ ಮೇಲೆ ಏನೂ ಸಿಗುವುದಿಲ್ಲ.

ಎನ್‌ವಿಆರ್ ತಲುಪಲು ಇನ್ನು ಮೂರು ಕಡೆ ಕೈ ಹಾಕಬೇಕು. ಎನ್‌ವಿಆರ್ 192.168.1.64ರಲ್ಲಿ, ಲಿನಕ್ಸ್ ಕಂಪ್ಯೂಟರು 192.168.1.10ರಲ್ಲಿ ಇದೆ ಅಂದುಕೊಳ್ಳೋಣ. ವಿಪಿಎಸ್‌ನಲ್ಲಿ ಅಂಗಡಿಯ ಪೀರ್‌ಗೆ AllowedIPs ಅನ್ನು `10.50.0.2/32, 192.168.1.0/24` ಅಂತ ಬರೆಯಿರಿ. ಫೋನಿನ ಫೈಲಿನಲ್ಲಿ `10.50.0.0/24, 192.168.1.0/24` ಇರಲಿ. ವಿಪಿಎಸ್‌ನಲ್ಲೂ ಅಂಗಡಿಯ ಕಂಪ್ಯೂಟರಿನಲ್ಲೂ ಪ್ಯಾಕೆಟ್ ದಾಟಿಸುವ ಅನುಮತಿ ಆನ್ ಮಾಡಿ:

```
sysctl -w net.ipv4.ip_forward=1
```

ಇದು ರೀಬೂಟ್ ಆದರೆ ಹೋಗುತ್ತದೆ, ಉಳಿಯಬೇಕಾದರೆ /etc/sysctl.d ಒಳಗೆ ಒಂದು ಫೈಲಿನಲ್ಲಿ ಬರೆದಿಡಿ. ಇಷ್ಟು ಮಾಡಿದ ಮೇಲೂ ಜನ ಸಿಕ್ಕಿಬೀಳುವ ಜಾಗ ಒಂದಿದೆ. ಫೋನಿನಿಂದ 10.50.0.2 ಸಿಗುತ್ತದೆ, ಎನ್‌ವಿಆರ್ ಮಾತ್ರ ಸಿಗುವುದಿಲ್ಲ. ನಿಮ್ಮ ಕೋರಿಕೆ ಎನ್‌ವಿಆರ್‌ಗೆ ಮುಟ್ಟಿರುತ್ತದೆ. ಆದರೆ ಅದು ಉತ್ತರವನ್ನು ತನಗೆ ಗೊತ್ತಿರುವ ಒಂದೇ ದಾರಿಗೆ, ಅಂದರೆ ರೂಟರಿಗೆ ಕಳಿಸುತ್ತದೆ. 10.50 ಅಂದರೆ ಏನು ಅಂತ ರೂಟರಿಗೆ ತಿಳಿಯದೆ ಉತ್ತರ ಕಳೆದುಹೋಗುತ್ತದೆ. ರೂಟರಿನ ಸ್ಟ್ಯಾಟಿಕ್ ರೂಟ್ ಪುಟದಲ್ಲಿ '10.50.0.0/24ಕ್ಕೆ ಹೋಗುವುದು 192.168.1.10ರ ಮೂಲಕ' ಅಂತ ಒಂದು ಸಾಲು ಸೇರಿಸಿ, ಮುಗಿಯಿತು. ಇನ್ನೊಂದು ತೊಡಕು: ನಿಮ್ಮ ಮನೆಯ ವೈಫೈ ಕೂಡ 192.168.1ರ ಸಾಲಿನಲ್ಲೇ ಇದ್ದರೆ ಫೋನಿಗೆ ಗೊಂದಲ. ಅಂಗಡಿಯ ಜಾಲವನ್ನು 192.168.77ರ ಹಾಗೆ ಯಾರೂ ಜಾಸ್ತಿ ಬಳಸದ ಸಾಲಿಗೆ ಈಗಲೇ ಬದಲಿಸಿಬಿಡಿ. ಆಗ ಮೇಲೆ 192.168.1 ಅಂತ ಬರೆದ ಕಡೆಯೆಲ್ಲ ಹೊಸ ಸಾಲು ಬರಬೇಕು.

ಇದೆಲ್ಲ ತಲೆನೋವು ಅನ್ನಿಸಿದರೆ ಟೇಲ್‌ಸ್ಕೇಲ್ ನೋಡಿ. ಒಳಗೆ ಇದೇ ವೈರ್‌ಗಾರ್ಡ್, ಕೀಗಳನ್ನು ಹಂಚುವ ಕೆಲಸ ಅದೇ ಮಾಡುತ್ತದೆ, ವಿಪಿಎಸ್ ಕೂಡ ಬೇಡ. ಅದು ಕೊಡುವ ವಿಳಾಸವೂ 100 ರಿಂದಲೇ ಶುರುವಾಗುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಎನ್‌ವಿಆರ್‌ನ ಒಳವಿಳಾಸದ ಬಗ್ಗೆಯೂ ಒಂದು ಮಾತು. "ಕರೆಂಟು ಹೋಗಿ ಬಂದ ಮೇಲೆ ಕ್ಯಾಮೆರಾ ಸಿಗಲ್ಲ, ಅದಕ್ಕೇ ಸ್ಟ್ಯಾಟಿಕ್ ಐಪಿ ಬೇಕು" ಅಂತ ನನಗೆ ಬರೆಯುವವರು ಬಹಳ. ಹೆಚ್ಚಿನ ಸಲ ಬದಲಾಗಿರುವುದು ಹೊರಗಿನ ವಿಳಾಸವಲ್ಲ. ಎನ್‌ವಿಆರ್ 192.168.1.64 ಇದ್ದದ್ದು 192.168.1.71 ಆಗಿರುತ್ತದೆ, ಅಷ್ಟೇ. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ಎನ್‌ವಿಆರ್‌ನ ಮ್ಯಾಕ್ ವಿಳಾಸಕ್ಕೆ ಒಂದು ನಂಬರು ಕಾಯ್ದಿರಿಸಿ. ಇದು ನಿಮ್ಮದೇ ರೂಟರು, ಯಾರೂ ದುಡ್ಡು ಕೇಳುವುದಿಲ್ಲ.

ಹಾಗಾದರೆ ಸ್ಟ್ಯಾಟಿಕ್ ಐಪಿ ಯಾರಿಗೂ ಬೇಡವಾ? ಬೇಕಾದವರು ಇದ್ದಾರೆ. ನಿಮ್ಮ ಜೊತೆ ವ್ಯವಹರಿಸುವ ಇನ್ನೊಂದು ಸಂಸ್ಥೆ "ಈ ವಿಳಾಸದಿಂದ ಬಂದರೆ ಮಾತ್ರ ಒಳಗೆ ಬಿಡುತ್ತೇವೆ" ಅಂದರೆ ಬೇಕು. ಎರಡು ಕಚೇರಿಗಳ ನಡುವಿನ ಹಳೆಯ ವಿಪಿಎನ್ ಉಪಕರಣ ಹೆಸರನ್ನು ಒಪ್ಪದೆ ನಂಬರನ್ನೇ ಕೇಳಿದರೆ ಬೇಕು. ಸ್ವಂತ ಮೇಲ್ ಸರ್ವರ್ ನಡೆಸುವವರಿಗೆ ಬೇಕು. ಅವರಿಗೆ ಸ್ಟ್ಯಾಟಿಕ್ ಒಂದೇ ಸಾಲದು. ಆ ನಂಬರಿನಿಂದ ಹೆಸರಿಗೆ ಹೋಗುವ ಪಿಟಿಆರ್ ದಾಖಲೆಯನ್ನು ಕಂಪನಿ ಬರೆದುಕೊಡಬೇಕು, 25ನೇ ಪೋರ್ಟ್ ತೆರೆಯಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಮೇಲ್ ಹೋಗುವುದಿಲ್ಲ, ಇಲ್ಲವೇ ಸ್ಪ್ಯಾಮ್‌ಗೆ ಬೀಳುತ್ತದೆ. ದಿನವಿಡೀ ದೊಡ್ಡ ದೊಡ್ಡ ವಿಡಿಯೊಗಳನ್ನು ಹೊರಗೆ ಕಳಿಸುವವರಿಗೂ ನೇರ ಪಬ್ಲಿಕ್ ವಿಳಾಸ ಒಳ್ಳೆಯದು, ವಿಪಿಎಸ್ ಸುತ್ತಿ ಬರುವ ದಾರಿ ಅವರಿಗೆ ದುಬಾರಿಯಾಗುತ್ತದೆ.

ಐಪಿವಿ6 ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಿಜಿನ್ಯಾಟ್ ಇದ್ದರೂ ಕೆಲವು ಕಡೆ ಪ್ರತಿ ಉಪಕರಣಕ್ಕೆ ಪೂರ್ತಿ ಪಬ್ಲಿಕ್ ಐಪಿವಿ6 ವಿಳಾಸ ಬಂದಿರುತ್ತದೆ. ವೈರ್‌ಗಾರ್ಡ್‌ನ 51820 ಪೋರ್ಟನ್ನು ಐಪಿವಿ6 ಫೈರ್‌ವಾಲಿನಲ್ಲಿ ಲಿನಕ್ಸ್ ಕಂಪ್ಯೂಟರಿಗೆ ಮಾತ್ರ ತೆರೆದು, ಅಂಗಡಿಯ ಫೈಲಿನಲ್ಲಿ [Interface] ಕೆಳಗೆ `ListenPort = 51820` ಬರೆದು, ಫೋನಿಗೂ ಒಂದು [Peer] ಸೇರಿಸಿ, ವಿಪಿಎಸ್ ಇಲ್ಲದೆಯೂ ಕೆಲಸ ನಡೆಸಬಹುದು. ಆದರೆ ನೋಡುವವರ ಜಾಲದಲ್ಲೂ ಐಪಿವಿ6 ಇರಬೇಕು, ವಿಳಾಸದ ಮುಂಭಾಗ ಆಗಾಗ ಬದಲಾಗುವುದೂ ಉಂಟು.

ಇಷ್ಟಾದ ಮೇಲೂ ನೀವು ತಗೊಳ್ಳುವುದೇ ಆದರೆ, ಫೋನಿನಲ್ಲಿ ಕೇಳಬೇಡಿ, ಬರೆದು ಕೇಳಿ. ನಾನು ಕಳಿಸುವ ಮಾತು ಹೀಗಿರುತ್ತದೆ:

"ನನ್ನ ರೂಟರಿನ WAN ಮೇಲೆಯೇ ಕಾಣುವ ಪಬ್ಲಿಕ್ ಸ್ಟ್ಯಾಟಿಕ್ ಐಪಿವಿ4 ವಿಳಾಸ ಬೇಕು. ಅದು ಸಿಜಿನ್ಯಾಟ್ ಹಿಂದೆ ಇರಬಾರದು. ಹೊರಗಿನಿಂದ ಒಳಗೆ ಬರುವ ಯಾವ ಪೋರ್ಟುಗಳನ್ನು ನೀವು ತಡೆಯುತ್ತೀರಿ? ನಿಮ್ಮ ಫೈಬರ್ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡುತ್ತೀರಾ? ವಿಳಾಸ ತಾನಾಗಿ ಬರುತ್ತದಾ, ನಾನು ಕೈಯಿಂದ ತುಂಬಬೇಕಾ? ಪ್ಲಾನ್ ಬದಲಿಸಿದರೆ, ಜಾಗ ಬದಲಿಸಿದರೆ ಇದೇ ವಿಳಾಸ ಉಳಿಯುತ್ತದಾ?"

ಕೈಯಿಂದ ತುಂಬಬೇಕು ಅಂದರೆ ವಿಳಾಸದ ಜೊತೆ ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಈ ಮೂರನ್ನೂ ಬರೆಸಿಕೊಳ್ಳಿ. ಮಾಸ್ಕ್ 255.255.255.252 ಅಂತ ಇದ್ದರೆ ನಾಲ್ಕು ವಿಳಾಸದ ಗುಂಪು, ಅದರಲ್ಲಿ ಒಂದು ಮಾತ್ರ ನಿಮ್ಮದು, ಒಂದು ಗೇಟ್‌ವೇ. ನಾಲ್ಕು ಕೊಟ್ಟಿದ್ದಾರೆ ಅಂತ ಖುಷಿಪಡಬೇಡಿ.

ಹಾಕಿಸಿಕೊಂಡ ದಿನವೇ, ಅವರ ಹುಡುಗ ಇನ್ನೂ ಅಂಗಡಿಯಲ್ಲಿರುವಾಗಲೇ, ರೂಟರಿನ WAN IP ಮತ್ತು ವೆಬ್‌ಸೈಟಿನ ನಂಬರು ಒಂದೇ ಆಗಿದೆಯಾ ನೋಡಿ. ಆಮೇಲೆ 51820 ಪೋರ್ಟನ್ನು ಲಿನಕ್ಸ್ ಕಂಪ್ಯೂಟರಿಗೆ ಫಾರ್ವರ್ಡ್ ಮಾಡಿ, ಐಪಿವಿ6ಗೆ ಹೇಳಿದ ಹಾಗೆ ಅಂಗಡಿಯ ಫೈಲು ಬದಲಿಸಿ, ಫೋನಿನ ವೈರ್‌ಗಾರ್ಡನ್ನು ವಿಪಿಎಸ್ ಬದಲು ಅಂಗಡಿಯ ಹೊಸ ವಿಳಾಸಕ್ಕೆ ತಿರುಗಿಸಿ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ವೈರ್‌ಗಾರ್ಡ್ ತೆರೆದು ನೋಡಿ. ಅಂಗಡಿಯ ವೈಫೈನಲ್ಲೇ ಕೂತು ಹೊರಗಿನ ವಿಳಾಸ ಒತ್ತಿದರೆ ಕೆಲವು ರೂಟರುಗಳು ತಿರುಗಿಸಿ ಒಳಗೆ ಬಿಡುವುದಿಲ್ಲ. ಸರಿಯಾಗಿ ನಡೆಯುತ್ತಿರುವ ಸಂಪರ್ಕ ಕೆಟ್ಟಿದೆ ಅಂತ ಅನ್ನಿಸುತ್ತದೆ. ಕೊನೆಗೆ ರೂಟರನ್ನು ಒಮ್ಮೆ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆನ್ ಮಾಡಿ, ಅದೇ ನಂಬರು ಬಂದ ಮೇಲೆ ಅವರ ಕಾಗದಕ್ಕೆ ಸಹಿ ಹಾಕಿ. ಮೊದಲು ಮಾಡಿದ್ದ 80, 8000 ಫಾರ್ವರ್ಡ್‌ಗಳು ರೂಟರಿನಲ್ಲಿ ಇನ್ನೂ ಹಾಗೇ ಇರುತ್ತವೆ. ಸಿಜಿನ್ಯಾಟ್ ಇರುವವರೆಗೆ ಅವು ಸತ್ತ ಸಾಲುಗಳು. ಪಬ್ಲಿಕ್ ವಿಳಾಸ ಬಂದ ಕ್ಷಣವೇ ಅವು ಜೀವ ತಾಳುತ್ತವೆ, ಆದ್ದರಿಂದ ಆ ಹುಡುಗ ಬರುವ ಮೊದಲೇ ಅಳಿಸಿಬಿಡಿ.